ಇಮೇಲ್ ವಿಷಯದ ಸಾಲಿನಲ್ಲಿ =?UTF-8?B? ಎಂದು ಕಂಡರೆ ಅದು ವೈರಸ್ಸೇ?

ದಾವಣಗೆರೆಯ ಒಂದು ಸಹಕಾರ ಸಂಘ ಹರಿಹರದ ಸದಸ್ಯರಿಗೆ ಸಭೆಯ ನೋಟಿಸನ್ನು ಇಮೇಲ್ ಮಾಡಿತು ಎಂದುಕೊಳ್ಳಿ. ವಿಷಯದ ಸಾಲಿನಲ್ಲಿ ಕನ್ನಡ ಇರಬೇಕಾಗಿತ್ತು. ಆದರೆ ಕೆಲವರ ಮೊಬೈಲಿನಲ್ಲಿ ಕಂಡದ್ದು `=?UTF-8?B?4LKm4LK+...` ಎಂಬ ಗೋಜಲು. ಅದರ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಜೊತೆಗೆ "ಇದು ಹ್ಯಾಕರ್‌ಗಳ ಕೋಡ್, ತೆರೆಯಬೇಡಿ, ಕೂಡಲೇ ಡಿಲೀಟ್ ಮಾಡಿ" ಎಂಬ ಸಾಲು. ನಂಬಿದವರು ನೋಟಿಸನ್ನೂ ಕಳೆದುಕೊಳ್ಳುತ್ತಾರೆ, ಸಭೆಯನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಅದು ನಿಜಕ್ಕೂ ಏನು? ನೋಡೋಣ.

ಅದು ಕನ್ನಡವೇ, ಬೇರೆ ವೇಷದಲ್ಲಿ

ಇಮೇಲಿನ ಮೂಲ ನಿಯಮಗಳು ರೂಪುಗೊಂಡಾಗ ವಿಷಯದ ಸಾಲಿಗೆ ಬರೀ 128 ಚಿಹ್ನೆಗಳಿದ್ದವು: ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಗುರುತು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1992ರಲ್ಲಿ ಮೈಮ್ ಎಂಬ ಪದ್ಧತಿ ಬಂತು. ಬೇರೆ ಭಾಷೆಯ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಪೊಟ್ಟಣದಲ್ಲಿ ಕಟ್ಟಿ ಕಳಿಸುವ ದಾರಿಯನ್ನು ಅದು ತೋರಿಸಿತು. ಇಂದು ಬಳಕೆಯಲ್ಲಿರುವ ನಿಯಮ 1996ರ ಆರ್‌ಎಫ್‌ಸಿ 2047. ಈ ಪೊಟ್ಟಣಕ್ಕೆ ಅದರಲ್ಲಿ ಎನ್‌ಕೋಡೆಡ್ ವರ್ಡ್ ಎಂದು ಹೆಸರು.

'ಹರಿಹರ' ಎಂಬ ಪದದ ಪೊಟ್ಟಣ ಹೀಗಿರುತ್ತದೆ:

```
=?UTF-8?B?4LK54LKw4LK/4LK54LKw?=
```

`=?` ಎಂದರೆ ಪೊಟ್ಟಣ ಶುರುವಾಯಿತು, `?=` ಎಂದರೆ ಮುಗಿಯಿತು. `UTF-8` ಎಂಬುದು ಒಳಗಿನ ಅಕ್ಷರಗಳು ಯಾವ ಲೆಕ್ಕದಲ್ಲಿವೆ ಎಂದು ಹೇಳುತ್ತದೆ. `B` ಎಂದರೆ ಬೇಸ್64 ಎಂಬ ವಿಧಾನದಲ್ಲಿ ಕಟ್ಟಲಾಗಿದೆ ಎಂದು. ಉಳಿದದ್ದೇ ಪದ. ನಿಮ್ಮ ಮೇಲ್ ಆ್ಯಪ್ ಇದನ್ನು ಬಿಚ್ಚಿ ಕನ್ನಡ ತೋರಿಸುತ್ತದೆ. ನಿಮಗೆ ಸರಿಯಾಗಿ ಕಾಣುವ ಕನ್ನಡ ವಿಷಯಗಳೂ ಸಾಮಾನ್ಯವಾಗಿ ಹೀಗೇ ಪ್ರಯಾಣ ಮಾಡಿ ಬಂದಿರುತ್ತವೆ.

ಬಿಚ್ಚಿ ನೋಡೋಣ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಬಿಡಿ ಸಂಕೇತಕ್ಕೂ 3 ಬೈಟ್ ಬೇಕು. 'ಹರಿಹರ'ದಲ್ಲಿ ಹ, ರ, ಗುಡಿಸು, ಹ, ರ ಎಂದು 5 ಸಂಕೇತಗಳಿವೆ. ಒಟ್ಟು 15 ಬೈಟ್. ಬೇಸ್64 ವಿಧಾನ ಪ್ರತಿ 3 ಬೈಟ್‌ಗಳನ್ನು 4 ಇಂಗ್ಲಿಷ್ ಚಿಹ್ನೆಗಳಾಗಿ ಬದಲಿಸುತ್ತದೆ. ಹಾಗಾಗಿ ಹ ಎಂದರೆ `4LK5`, ರ ಎಂದರೆ `4LKw`, ಗುಡಿಸು ಎಂದರೆ `4LK/`. ಮೇಲಿನ ಸಾಲನ್ನು ನಾಲ್ಕು ನಾಲ್ಕಾಗಿ ಬಿಡಿಸಿ ನೋಡಿ, ಹ ಮತ್ತು ರ ಎರಡೆರಡು ಸಲ ಬಂದಿರುವುದು ಕಾಣುತ್ತದೆ.

ಇಲ್ಲೊಂದು ಸುಲಭದ ಗುರುತಿದೆ. ಹೀಗೆ ಕಟ್ಟಿದಾಗ ಕನ್ನಡದ ಯಾವ ಸಂಕೇತವಾದರೂ `4LK` ಅಥವಾ `4LO` ಎಂದೇ ಆರಂಭವಾಗುತ್ತದೆ. ಪದಗಳ ನಡುವೆ ಖಾಲಿ ಜಾಗ ಬಂದ ಮೇಲೆ ಈ ನಾಲ್ಕರ ಲೆಕ್ಕ ಜರುಗುವುದರಿಂದ ಮೊದಲ ಪದವನ್ನಷ್ಟೇ ನೋಡಬೇಕು. ಅಂದರೆ `=?UTF-8?B?4LK` ಎಂದು ಕಂಡರೆ ಅದು ಕನ್ನಡದ ವಿಷಯ, ಬಿಚ್ಚಿಕೊಂಡಿಲ್ಲ ಅಷ್ಟೆ.

ಹಾಗಾದರೆ ಕೆಡುವುದು ಎಲ್ಲಿ?

ಹೆಚ್ಚಾಗಿ ಕೆಡುವುದು ಉದ್ದದ ವಿಷಯಗಳಲ್ಲಿ. ಒಂದು ಪೊಟ್ಟಣ 75 ಚಿಹ್ನೆಗಳನ್ನು ಮೀರಬಾರದು, ಪೊಟ್ಟಣವಿರುವ ಒಂದು ಸಾಲು 76 ಚಿಹ್ನೆಗಳನ್ನು ಮೀರಬಾರದು ಎಂಬುದು ನಿಯಮ. 'ದಾವಣಗೆರೆ ಹರಿಹರ' ಎಂಬಷ್ಟು ಚಿಕ್ಕ ವಿಷಯವನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿದರೆ ಅದು 68 ಚಿಹ್ನೆ. ಮುಂದಿರುವ `Subject: ` ಎಂಬುದರ 9 ಸೇರಿದರೆ 77. ಒಂದೇ ಒಂದು ಹೆಚ್ಚಾಯಿತು! ಆದ್ದರಿಂದ ಎರಡು ಪೊಟ್ಟಣ ಮಾಡಿ, ಎರಡನೆಯದನ್ನು ಮುಂದಿನ ಸಾಲಿಗೆ ಒಂದು ಖಾಲಿ ಜಾಗ ಬಿಟ್ಟು ಇಳಿಸಬಹುದು:

```
Subject: =?UTF-8?B?4LKm4LK+4LK14LKj4LKX4LOG4LKw4LOGIA==?=
 =?UTF-8?B?4LK54LKw4LK/4LK54LKw?=
```

ಮೊದಲ ಪೊಟ್ಟಣದ ಕೊನೆಯಲ್ಲಿ `IA==` ಇದೆಯಲ್ಲ, ಅದು ಎರಡು ಪದಗಳ ನಡುವಿನ ಖಾಲಿ ಜಾಗ. ಅದನ್ನು ಪೊಟ್ಟಣದ ಒಳಗೇ ಇಡಬೇಕು. ಅಕ್ಕಪಕ್ಕದ ಎರಡು ಪೊಟ್ಟಣಗಳ ನಡುವೆ ಹೊರಗಿರುವ ಜಾಗವನ್ನು ಮೇಲ್ ಆ್ಯಪ್ ಎಸೆದುಬಿಡುತ್ತದೆ. ಒಳಗಿಡಲು ಮರೆತರೆ 'ದಾವಣಗೆರೆಹರಿಹರ' ಎಂದು ಅಂಟಿಕೊಂಡು ಕಾಣುತ್ತದೆ.

ತುಂಡು ಮಾಡುವಾಗ ಒಂದು ಸಂಕೇತದ 3 ಬೈಟ್‌ಗಳ ನಡುವೆ ಕತ್ತರಿಸಿದರೆ ಇನ್ನೊಂದು ತೊಂದರೆ. ಒಂದು ಬೈಟ್ ಮೊದಲ ಪೊಟ್ಟಣದಲ್ಲಿ, ಎರಡು ಬೈಟ್ ಮುಂದಿನದರಲ್ಲಿ ಉಳಿದು, ಆ ಅಕ್ಷರದ ಜಾಗದಲ್ಲಿ � ಎಂಬ ಗುರುತು ಬರಬಹುದು. ಇನ್ನು ಕಳಿಸುವ ಸಾಫ್ಟ್‌ವೇರ್ ವಿಷಯವನ್ನು ಕಟ್ಟಿದ ಮೇಲೆ ಉದ್ದ ಕತ್ತರಿಸಿದರೆ ಕೊನೆಯ `?=` ಹಾರಿಹೋಗುತ್ತದೆ. ಆಗ ಪೊಟ್ಟಣ ಎಲ್ಲಿ ಮುಗಿಯಿತೆಂದು ಆ್ಯಪ್‌ಗೆ ತಿಳಿಯುವುದಿಲ್ಲ, ಇಡೀ ಗೋಜಲನ್ನು ಹಾಗೇ ತೋರಿಸುತ್ತದೆ. ಸಂಘದ ಸದಸ್ಯರು ನೋಡಿದ್ದು ಇಂಥದ್ದೇ.

ಕಾಣುವ ರೀತಿಯಿಂದಲೇ ಕಾಯಿಲೆ ತಿಳಿಯಬಹುದು

`à²¹à²°à²¿à²¹à²°` ಎಂದು ಕಂಡರೆ ಅದು 'ಹರಿಹರ'ವೇ. ಪೊಟ್ಟಣ ಕಟ್ಟದೆ ಬೈಟ್‌ಗಳನ್ನು ನೇರವಾಗಿ ಕಳಿಸಿದ್ದಾರೆ, ಓದುವ ಆ್ಯಪ್ ಅವನ್ನು ಯುರೋಪಿನ ಅಕ್ಷರಗಳೆಂದು ತಿಳಿದಿದೆ. ಇಲ್ಲಿ ಅಕ್ಷರ ಕಳೆದುಹೋಗಿಲ್ಲ, ಸಾಮಾನ್ಯವಾಗಿ ಮರಳಿ ಪಡೆಯಬಹುದು. ಬರೀ `?????` ಕಂಡರೆ ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಕನ್ನಡವನ್ನು ಅಳಿಸಿಹಾಕಿದೆ. ಅದು ಮರಳಿ ಬರುವುದಿಲ್ಲ, ಮತ್ತೆ ಕಳಿಸಲು ಕೇಳಬೇಕು.

`PÀ£ÀßqÀ` ಎಂಬಂತೆ ಕಂಡರೆ ಕಥೆ ಬೇರೆ. ಅದು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ 'ಕನ್ನಡ' ಎಂಬ ಪದ. ವಿಷಯದ ಸಾಲಿನಲ್ಲಿ ಫಾಂಟಿನ ಹೆಸರು ಹೋಗುವುದಿಲ್ಲ. ಹಾಗಾಗಿ ಎಷ್ಟು ಸರಿಯಾಗಿ ಪೊಟ್ಟಣ ಕಟ್ಟಿದರೂ ಆಚೆ ಬದಿಯಲ್ಲಿ ಈ ಗೋಜಲೇ ಕಾಣುತ್ತದೆ. ಯುನಿಕೋಡಿಗೆ ಬದಲಿಸಿಕೊಂಡೇ ಕಳಿಸಬೇಕು.

ಸರಿಪಡಿಸಬೇಕಾದವರು ಯಾರು?

ಸಾಮಾನ್ಯವಾಗಿ ಕಳಿಸುವವರು. ಜಿಮೇಲ್‌ನಂಥ ಆ್ಯಪ್‌ನಲ್ಲಿ ಬರೆದರೆ ಕಟ್ಟುವ ಕೆಲಸ ತಾನಾಗಿ ಆಗುತ್ತದೆ. ತೊಂದರೆ ಹೆಚ್ಚಾಗಿ ಬರುವುದು ಜಾಲತಾಣದ ಫಾರಂನಿಂದ ತಾನಾಗಿ ಹೊರಡುವ ಮೇಲ್‌ಗಳಲ್ಲಿ. ಪಿಎಚ್‌ಪಿಯ `mail()` ವಿಷಯವನ್ನು ತಾನಾಗಿ ಕಟ್ಟುವುದಿಲ್ಲ. ತಾಣ ನೋಡಿಕೊಳ್ಳುವವರು ಈ ಸಾಲು ಸೇರಿಸಬೇಕು:

```
$s = mb_encode_mimeheader("ದಾವಣಗೆರೆ ಹರಿಹರ", "UTF-8", "B", "\r\n", 9);
```

ಉದ್ದ ಕತ್ತರಿಸುವುದಿದ್ದರೆ ಇದಕ್ಕೂ ಮೊದಲು, ಕನ್ನಡವಾಗಿರುವಾಗಲೇ ಕತ್ತರಿಸಬೇಕು. ಒಮ್ಮೆ ಕಟ್ಟಿದ್ದನ್ನು ಮತ್ತೆ ಕಟ್ಟಬಾರದು. ಹಾಗೆ ಮಾಡಿದರೆ ಆ್ಯಪ್ ಒಂದು ಸುತ್ತು ಬಿಚ್ಚಿ, ಒಳಗಿನ ಪೊಟ್ಟಣವನ್ನು ನಿಮ್ಮ ಮುಂದಿಡುತ್ತದೆ. ಪರೀಕ್ಷಿಸಲು ಮೇಲನ್ನು ನಿಮಗೇ ಕಳಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲಿನ ಬಲಬದಿಯ ಮೂರು ಚುಕ್ಕಿಗಳನ್ನು ಒತ್ತಿ `Show original` ಆರಿಸಿದರೆ ಪೊಟ್ಟಣ ಇದ್ದ ಹಾಗೇ ಕಾಣುತ್ತದೆ.

ಫಾರ್ವರ್ಡ್ ಹೇಳುವುದು ನಿಜವೇ?

ಅಲ್ಲ. `=?UTF-8?B?` ಎಂಬುದು ವೈರಸ್ ಅಲ್ಲ, ಓಡುವ ಪ್ರೋಗ್ರಾಂ ಅಲ್ಲ, ಗುಟ್ಟಿನ ಬೀಗವೂ ಅಲ್ಲ. ಅದನ್ನು ಯಾರು ಬೇಕಾದರೂ ಬಿಚ್ಚಬಹುದು. ಹಾಗೆಂದು ಅದು ಮೇಲ್ ಒಳ್ಳೆಯದೆಂಬ ಪ್ರಮಾಣಪತ್ರವೂ ಅಲ್ಲ, ಮೋಸಗಾರರ ಕನ್ನಡ ಮೇಲ್ ಕೂಡ ಇದೇ ಪೊಟ್ಟಣದಲ್ಲಿ ಬರುತ್ತದೆ. ಅನುಮಾನ ಬಂದರೆ ಕಳಿಸಿದವರ ವಿಳಾಸ ನೋಡಿ, ಒಳಗಿನ ಲಿಂಕ್ ಎಲ್ಲಿಗೆ ಹೋಗುತ್ತದೆ ನೋಡಿ, ಸಂಘಕ್ಕೆ ಫೋನ್ ಮಾಡಿ ಕೇಳಿ. ವಿಷಯದ ಸಾಲಿನ ಗೋಜಲೊಂದನ್ನೇ ನೋಡಿ ನೋಟಿಸನ್ನು ಡಿಲೀಟ್ ಮಾಡಬೇಡಿ.