ಎರಡೋ ಮೂರೋ: ಕೆ-ಮೀನ್ಸ್‌ನಲ್ಲಿ ಗುಂಪುಗಳ ಸಂಖ್ಯೆ ಗೊತ್ತುಮಾಡುವ ಎರಡು ವಿಧಾನಗಳ ಚರಿತ್ರೆ

ಕೆ-ಮೀನ್ಸ್ ಎಂಬ ಹೆಸರು ಜೇಮ್ಸ್ ಮ್ಯಾಕ್‌ಕ್ವೀನ್ ಅವರ 1967ರ ಪ್ರಬಂಧದಿಂದ ಬಂದದ್ದು. ದತ್ತಾಂಶವನ್ನು ಎಷ್ಟು ಗುಂಪುಗಳಾಗಿ ಒಡೆಯಬೇಕು ಎಂಬ ಪ್ರಶ್ನೆ ಆ ಹೆಸರಿಗಿಂತ ಹಳೆಯದು. ಮನೋಮಾಪನ ಶಾಸ್ತ್ರಜ್ಞ ರಾಬರ್ಟ್ ಥಾರ್ನ್‌ಡೈಕ್ 1953ರಲ್ಲಿ ‘ಸೈಕೋಮೆಟ್ರಿಕಾ’ ಪತ್ರಿಕೆಯಲ್ಲಿ ಇದನ್ನು ಚರ್ಚಿಸಿದರು. ಗುಂಪುಗಳನ್ನು ಹೆಚ್ಚಿಸುತ್ತ ಹೋದಂತೆ ಗುಂಪಿನೊಳಗಿನ ಅಂತರ ಇಳಿಯುತ್ತದೆ. ಆ ಇಳಿತದ ಗೆರೆ ಎಲ್ಲಿ ತಟ್ಟನೆ ಚಪ್ಪಟೆಯಾಗುತ್ತದೋ ಅಲ್ಲಿ ತಕ್ಕ ಸಂಖ್ಯೆಯ ಸುಳಿವಿರಬಹುದು ಎಂಬುದು ಅವರ ಸೂಚನೆ. ಇಂದು ಮೊಣಕೈ ವಿಧಾನ ಎನ್ನುವುದರ ಬೇರು ಇಲ್ಲಿದೆ. 1987ರಲ್ಲಿ ಬೆಲ್ಜಿಯಂನ ಪೀಟರ್ ರೂಸೋ ಮಂಡಿಸಿದ ಸಿಲುಯೆಟ್ ಕೂಡ ಮೊದಲಿಗೆ ಕಣ್ಣಿಟ್ಟು ಓದಬೇಕಾದ ಒಂದು ಚಿತ್ರವೇ. ಎರಡೂ ನೋಡುವವರ ವಿವೇಚನೆಗೆ ನೆರವಾಗಲು ಹುಟ್ಟಿದವು. ಅವನ್ನು ತೀರ್ಪು ಕೊಡುವ ಒಂಟಿ ಅಂಕೆಗಳಾಗಿ ಬಳಸುವಾಗ ಅವು ತೋರಿಸಬಲ್ಲ ಮುಖ್ಯ ಸಂಗತಿಯೇ ಮರೆಯಾಗುತ್ತದೆ ಎಂಬುದು ಈ ಲೇಖನದ ವಾದ.

ಇದಕ್ಕೆ ಎಡ್ಗರ್ ಆ್ಯಂಡರ್ಸನ್ ಅಳೆದ, ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿದ ಐರಿಸ್ ಹೂಗಳ ದತ್ತಾಂಶಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಎಂಬ ಮೂರು ಪ್ರಭೇದಗಳಿಂದ ತಲಾ 50ರಂತೆ 150 ಹೂಗಳು. ಪ್ರತಿ ಹೂವಿಗೂ ಸೆಂಟಿಮೀಟರ್‌ಗಳಲ್ಲಿ ನಾಲ್ಕು ಅಳತೆಗಳು. ಪ್ರತಿ ಹೂವು ತನ್ನ ಗುಂಪಿನ ಸರಾಸರಿಯಿಂದ ಇರುವ ದೂರದ ವರ್ಗಗಳನ್ನು ಕೂಡಿದರೆ, ಒಂದೇ ಗುಂಪಿದ್ದಾಗ ಮೊತ್ತ ಸುಮಾರು 681. ಎರಡು ಗುಂಪು ಮಾಡಿದರೆ 152, ಮೂರಕ್ಕೆ 79, ನಾಲ್ಕಕ್ಕೆ 57, ಐದಕ್ಕೆ 46. ಗೆರೆ ಬಾಗಿರುವುದು ಎರಡರಲ್ಲೋ ಮೂರರಲ್ಲೋ? ಮೊದಲ ಇಳಿತ ಅಷ್ಟು ದೊಡ್ಡದಾದ್ದರಿಂದ ಎರಡು ಎನ್ನುವವರನ್ನು ತಪ್ಪೆನ್ನಲಾಗದು. 73ರಷ್ಟು ಇಳಿತದ ಬೆನ್ನಿಗೆ 22 ಮಾತ್ರ ಇಳಿದದ್ದನ್ನು ನೋಡಿ ಮೂರು ಎನ್ನುವವರನ್ನೂ ಅಲ್ಲಗಳೆಯಲಾಗದು.

ಬಾಗನ್ನು ಕಣ್ಣಿನ ಬದಲು ಸೂತ್ರದಿಂದ ಹುಡುಕಿದರೆ ಈ ಗೊಂದಲ ತೀರುತ್ತದಲ್ಲ ಎಂದು ಕೇಳಬಹುದು. ತೊಂದರೆ ಕಣ್ಣಿನದಷ್ಟೇ ಆಗಿದ್ದರೆ ತೀರುತ್ತಿತ್ತು. ಒಂದು ಚೌಕದ ತುಂಬ ಬಿಂದುಗಳನ್ನು ಒಂದೇ ಸಮನಾಗಿ ಹರಡಿದ್ದೇವೆ, ಅಲ್ಲಿ ಗುಂಪೆಂಬುದೇ ಇಲ್ಲ ಎಂದುಕೊಳ್ಳೋಣ. ಆ ಚೌಕವನ್ನು ನಾಲ್ಕು ಸಮ ಚೌಕಗಳಾಗಿ ಒಡೆದರೆ ಮೊತ್ತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಒಂಬತ್ತಾಗಿ ಒಡೆದರೆ ಒಂಬತ್ತನೇ ಒಂದು ಭಾಗಕ್ಕೆ. ಅಂದರೆ ಮೊದಲು ಕಡಿದಾದ, ಆಮೇಲೆ ಮಂದವಾದ ಇಳಿಜಾರು ಬರಿಯ ಒಡೆಯುವಿಕೆಯ ಫಲವೂ ಆಗಿರಬಹುದು. ಸೂತ್ರವು ಅಲ್ಲಿಯೂ ನಿಷ್ಠೆಯಿಂದ ಒಂದು ಬಾಗನ್ನು ಹುಡುಕಿ ಕೊಡುತ್ತದೆ. ಸಾಲದ್ದಕ್ಕೆ, ಗೆರೆಯನ್ನು 5ರವರೆಗೆ ಎಳೆದೆವೋ 20ರವರೆಗೋ ಎಂಬುದರ ಮೇಲೆ ಆ ಬಾಗಿನ ಜಾಗವೂ ಕದಲಬಹುದು.

ರೂಸೋ ಹಿಡಿದ ದಾರಿ ಬೇರೆ. ಒಂದು ಹೂವಿನಿಂದ ಅದರ ಗುಂಪಿನ ಉಳಿದ ಹೂಗಳಿಗಿರುವ ಸರಾಸರಿ ದೂರ a. ಬೇರೆ ಗುಂಪುಗಳ ಪೈಕಿ ಅತಿ ಹತ್ತಿರದ್ದಕ್ಕಿರುವ ಸರಾಸರಿ ದೂರ b. ಸಿಲುಯೆಟ್ ಬೆಲೆ ಹೀಗಿದೆ:

```
s = (b - a) / max(a, b)
```

a 0.5 ಇದ್ದು b 2.5 ಇದ್ದರೆ s 0.8: ಹೂವು ತನ್ನ ಗುಂಪಿನಲ್ಲಿ ಭದ್ರವಾಗಿದೆ. b 0.6ಕ್ಕೆ ಇಳಿದರೆ s ಸುಮಾರು 0.17: ಹೂವು ಗಡಿಯಲ್ಲಿದೆ. ಬೆಲೆ ಸೊನ್ನೆಗಿಂತ ಕೆಳಗಿಳಿದರೆ ಅದು ಪಕ್ಕದ ಗುಂಪಿಗೇ ಹೆಚ್ಚು ಹತ್ತಿರ. ಐರಿಸ್‌ನಲ್ಲಿ ಇದರ ಸರಾಸರಿ ಎರಡು ಗುಂಪಿಗೆ 0.68, ಮೂರಕ್ಕೆ 0.55. ಸರಾಸರಿ ಗರಿಷ್ಠವಾಗಿರುವ ಸಂಖ್ಯೆಯನ್ನು ಆರಿಸುವ ರೂಢಿಯ ಪ್ರಕಾರ ಉತ್ತರ ಎರಡು. ಸಸ್ಯಶಾಸ್ತ್ರದ ಉತ್ತರ ಮೂರು.

ಹಾಗಾದರೆ ಸಿಲುಯೆಟ್ ಸೋತಿತೆ? ನನಗೆ ಹಾಗೆನಿಸುವುದಿಲ್ಲ. ಅದು ಅಳೆಯುವುದು ಪ್ರಭೇದವನ್ನಲ್ಲ, ಬೇರ್ಪಡೆಯನ್ನು. ಎರಡೇ ಗುಂಪಿದ್ದಾಗ ವರ್ಸಿಕಲರ್ ಮತ್ತು ವರ್ಜಿನಿಕಾ ಬಹುಪಾಲು ಒಂದೇ ಗುಂಪಿನಲ್ಲಿರುತ್ತವೆ; ಅವುಗಳ ಪಾಲಿನ ನೆರೆಯ ಗುಂಪೆಂದರೆ ದೂರದ ಸೆಟೋಸಾ, ಹಾಗಾಗಿ b ದೊಡ್ಡದು. ಅವನ್ನು ಬೇರೆ ಮಾಡಿದೊಡನೆ ಒಂದಕ್ಕೊಂದು ಒತ್ತಿನ ನೆರೆಯಾಗಿ b ಕುಸಿಯುತ್ತದೆ. ಇದು ಕಾಣುವುದು ಸರಾಸರಿಯನ್ನು ಬಿಡಿಸಿ ನೋಡಿದಾಗ: ಮೂರು ಗುಂಪು ಮಾಡಿದಾಗ ಸೆಟೋಸಾದ 50 ಹೂಗಳ ಸರಾಸರಿ 0.80, ಉಳಿದೆರಡರದು 0.42 ಮತ್ತು 0.45. ಒಂದು ಗುಂಪು ಸ್ಪಷ್ಟ, ಇನ್ನೆರಡು ಗಡಿಯಲ್ಲಿ ಬೆರೆತಿವೆ ಎಂಬ ಈ ಸುದ್ದಿ 0.55 ಎಂಬ ಅಂಕೆಯೊಳಗೆ ಹೂತುಹೋಗಿತ್ತು. ಗಡಿ ನಿಜಕ್ಕೂ ಬೆರೆತಿದೆಯೆನ್ನಲು ಬೇರೆ ಪುರಾವೆಯೂ ಇದೆ. ಮೂರು ಎಂದು ನಾವೇ ಹೇಳಿಕೊಟ್ಟರೂ ಕೆ-ಮೀನ್ಸ್ 14 ವರ್ಜಿನಿಕಾಗಳನ್ನು ವರ್ಸಿಕಲರ್ ಜೊತೆಗೂ 2 ವರ್ಸಿಕಲರ್‌ಗಳನ್ನು ವರ್ಜಿನಿಕಾ ಜೊತೆಗೂ ಸೇರಿಸುತ್ತದೆ. ಸಂಖ್ಯೆ ಸರಿಯಾದ ಮಾತ್ರಕ್ಕೆ ಗುಂಪುಗಳು ಸರಿಯಾಗವು.

ಆದರೂ ಸಿಲುಯೆಟ್‌ಗೆ ದಾಟಲಾಗದ ಒಂದು ಮಿತಿಯಿದೆ. b ಲೆಕ್ಕ ಹಾಕಲು ಇನ್ನೊಂದು ಗುಂಪು ಬೇಕೇ ಬೇಕು. ಆದ್ದರಿಂದ ಒಂದೇ ಗುಂಪೆಂಬ ಸಾಧ್ಯತೆಯನ್ನು ಅದು ಇತರ ಸಂಖ್ಯೆಗಳ ಜೊತೆ ತೂಗಲಾರದು. 2001ರಲ್ಲಿ ಟಿಬ್ಶಿರಾನಿ, ವಾಲ್ಥರ್, ಹೇಸ್ಟಿ ಮುಂದಿಟ್ಟ ಗ್ಯಾಪ್ ವಿಧಾನ ಕೈಹಾಕಿದ್ದು ಇಲ್ಲಿಗೇ. ಗುಂಪುಗಳಿಲ್ಲದ ಕೃತಕ ದತ್ತಾಂಶವನ್ನು ಸೃಷ್ಟಿಸಿ, ಅದರ ಇಳಿತದ ಗೆರೆಯೊಡನೆ ನಿಜ ದತ್ತಾಂಶದ ಗೆರೆಯನ್ನು ಹೋಲಿಸುವ ಈ ವಿಧಾನದಲ್ಲಿ ‘ಒಂದು’ ಎಂಬುದೂ ಒಂದು ಉತ್ತರ.