ಕೆಮ್ಮು ನಿಂತರೂ ಕ್ಷಯದ ಮಾತ್ರೆ ನಿಲ್ಲಿಸಬಾರದೇಕೆ?

ಕ್ಷಯರೋಗದ ಚಿಕಿತ್ಸೆಯಲ್ಲಿ ಔಷಧ ಬೇಗನೆ ಫಲ ಕೊಡುವುದೇ ಒಂದು ತೊಡಕು. ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ತಗ್ಗುತ್ತದೆ, ಹಸಿವು ಮರಳುತ್ತದೆ. ರೋಗಿ ಕೆಲಸಕ್ಕೂ ಹೋಗತೊಡಗುತ್ತಾನೆ. ವೈದ್ಯರು ಹೇಳಿದ್ದು ಆರು ತಿಂಗಳು. ಆದರೆ ದೇಹ ಎರಡನೆಯ ತಿಂಗಳಲ್ಲೇ ‘ಇನ್ನು ಸಾಕು’ ಎನ್ನುತ್ತದೆ.

ಆರು ತಿಂಗಳು ಏಕೆ ಬೇಕೆಂಬುದಕ್ಕೆ ಉತ್ತರ ರೋಗಾಣುವಿನ ಸ್ವಭಾವದಲ್ಲಿದೆ. ಅನೇಕ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾದರೆ, ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ವಿಭಜನೆಗೊಳ್ಳಲು ಸುಮಾರು ಇಪ್ಪತ್ತು ಗಂಟೆ ತೆಗೆದುಕೊಳ್ಳುತ್ತದೆ. ಐಸೋನಿಯಾಜಿಡ್ ಎಂಬ ಔಷಧ ಸಕ್ರಿಯವಾಗಿ ಬೆಳೆಯುತ್ತಿರುವ ರೋಗಾಣುಗಳನ್ನು ಮೊದಲ ದಿನಗಳಲ್ಲೇ ಭಾರೀ ಸಂಖ್ಯೆಯಲ್ಲಿ ಕೊಲ್ಲುತ್ತದೆ. ರೋಗಿಗೆ ಸಿಗುವ ನೆಮ್ಮದಿ ಇದರದೇ. ಶ್ವಾಸಕೋಶದಲ್ಲಿ ಅರೆನಿದ್ರೆಯಲ್ಲಿರುವಂತೆ ಅಡಗಿರುವ ಇನ್ನೊಂದು ಗುಂಪು ಉಳಿದುಕೊಳ್ಳುತ್ತದೆ. ಅದು ಕೆಮ್ಮನ್ನೂ ತರದು, ಜ್ವರವನ್ನೂ ತರದು. ಕಫ ಪರೀಕ್ಷೆಯಲ್ಲಿ ಕಾಣಿಸದೆಯೂ ಇರಬಹುದು. ಅದನ್ನು ನಿರ್ಮೂಲಗೊಳಿಸುವ ಮುಖ್ಯ ಹೊಣೆ ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಎಂಬ ಔಷಧಗಳದು. ಆ ಕೆಲಸ ನಿಧಾನವಾದದ್ದು.

55 ಕಿಲೊ ತೂಕದ ಗಾರೆ ಕೆಲಸಗಾರನೊಬ್ಬನ ಉದಾಹರಣೆ ತೆಗೆದುಕೊಳ್ಳೋಣ. ಸರ್ಕಾರಿ ಚಿಕಿತ್ಸಾ ಕ್ರಮದಲ್ಲಿ ಆತನಿಗೆ ಮೊದಲ 56 ದಿನ ನಾಲ್ಕು ಔಷಧಗಳು ಸೇರಿದ ಮಾತ್ರೆ, ದಿನಕ್ಕೆ 4ರಂತೆ. ಬಳಿಕ 112 ದಿನ ಮೂರು ಔಷಧಗಳ ಮಾತ್ರೆ, ಅದೂ ದಿನಕ್ಕೆ 4. ಎರಡು ತಿಂಗಳು ಮುಗಿಸಿ ಆತ ಬೆಂಗಳೂರು ಬಿಟ್ಟು ಊರಿಗೆ ಹೋದ, ಮಾತ್ರೆಯನ್ನೂ ಬಿಟ್ಟ ಎನ್ನೋಣ. ಅಡಗಿದ್ದ ರೋಗಾಣುಗಳಿಗೆ ಈಗ ತಡೆಯಿಲ್ಲ. ರೋಗ ಮರುಕಳಿಸುವುದಾದರೆ ಬಹುತೇಕ ಒಂದು ವರ್ಷದೊಳಗೆ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು ಮರಳುತ್ತವೆ. ಆ ವೇಳೆಗೆ ಮನೆಯ ಮಕ್ಕಳಿಗೂ ಸೋಂಕು ತಗುಲಿರಬಹುದು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಔಷಧವನ್ನು ಪೂರ್ತಿ ಬಿಟ್ಟವನಲ್ಲಿ ಮರುಕಳಿಸುವುದು ಹೆಚ್ಚಾಗಿ ಹಳೆಯ, ಔಷಧಕ್ಕೆ ಬಗ್ಗುವ ರೋಗವೇ. ಅದಕ್ಕಿಂತ ಅಪಾಯಕಾರಿಯಾದದ್ದು ಬಿಟ್ಟು ಬಿಟ್ಟು ನುಂಗುವ ರೂಢಿ. ಸುಮಾರು ಹತ್ತು ಲಕ್ಷ ರೋಗಾಣುಗಳಲ್ಲಿ ಒಂದು ಐಸೋನಿಯಾಜಿಡ್‌ಗೆ ಜಗ್ಗದಂತೆ ತಾನಾಗಿಯೇ ಹುಟ್ಟಿರುತ್ತದೆ. ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ರೋಗಾಣುಗಳಿರಬಹುದಾದ್ದರಿಂದ ಅಂಥವು ನೂರರಷ್ಟು ಮೊದಲೇ ಇರುತ್ತವೆ. ಜೊತೆಯ ಔಷಧಗಳು ನಿತ್ಯವೂ ದೇಹಕ್ಕೆ ಸೇರುತ್ತಿದ್ದರೆ ಅವೂ ಸಾಯುತ್ತವೆ. ನಾಲ್ಕು ದಿನ ನುಂಗಿ ಹತ್ತು ದಿನ ಬಿಟ್ಟರೆ, ಸಾಯುವಂಥವು ಸತ್ತು ಜಗ್ಗದವುಗಳಿಗೆ ಬೆಳೆಯಲು ಜಾಗ ದೊರೆಯುತ್ತದೆ. ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಸ್ಥಿತಿಯನ್ನೇ ಎಂಡಿಆರ್ ಕ್ಷಯ ಎನ್ನುತ್ತಾರೆ. ಅದಕ್ಕೆ ಬೇರೆಯೇ ಔಷಧಗಳು ಬೇಕು. ಹಿಂದೆ ಒಂದೂವರೆ ವರ್ಷಕ್ಕೂ ಮೀರಿ ನಡೆಯುತ್ತಿದ್ದ ಚಿಕಿತ್ಸೆಯ ಚುಚ್ಚುಮದ್ದುಗಳಿಂದ ಕೆಲವರು ಕಿವುಡರೂ ಆದರು. 2024ರಲ್ಲಿ ಭಾರತ ಅನುಮೋದಿಸಿದ ಹೊಸ ಕ್ರಮದಲ್ಲಿ ಆರು ತಿಂಗಳ ಮಾತ್ರೆ ಸಾಕಾಗುತ್ತದೆಯಾದರೂ ರಕ್ತ, ನರ ಮತ್ತು ಹೃದಯದ ಮೇಲೆ ನಿಗಾ ಬೇಕೇಬೇಕು.

ಈ ಲೆಕ್ಕವನ್ನು ಎಲ್ಲ ಸೋಂಕುಗಳಿಗೂ ಅನ್ವಯಿಸುವಂತಿಲ್ಲ. ನ್ಯುಮೋನಿಯಾ, ಮೂತ್ರದ ಸೋಂಕುಗಳಂಥವುಗಳಿಗೆ ವೈದ್ಯರು ಈಗ ಹಿಂದಿಗಿಂತ ಕಡಿಮೆ ದಿನಗಳ ಆಂಟಿಬಯಾಟಿಕ್ ಬರೆಯುವುದುಂಟು. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಎಷ್ಟು ದಿನ ಎಂಬುದು ರೋಗವನ್ನು ಅವಲಂಬಿಸಿದೆ. ಅದನ್ನು ತೀರ್ಮಾನಿಸಬೇಕಾದವರು ಔಷಧ ಬರೆದವರು.

ಕ್ಷಯರೋಗಿಗಳು ಮಾತ್ರೆ ಬಿಡುವುದು ಬರಿಯ ಉದಾಸೀನದಿಂದಲ್ಲ. ವಾಕರಿಕೆ, ಕೀಲುನೋವು, ಕುಡಿತ, ದಿನಗೂಲಿ ತಪ್ಪುವ ಭಯ ಎಲ್ಲವೂ ಇರುತ್ತವೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗುವವರೂ ಇದ್ದಾರೆ. ಇದು ರಿಫಾಂಪಿಸಿನ್‌ನ ಬಣ್ಣ, ಅಪಾಯವಿಲ್ಲ. ಪಾದ ಜುಮ್ಮೆನ್ನುವುದಕ್ಕೆ ವೈದ್ಯರು ಪಿರಿಡಾಕ್ಸಿನ್ ಎಂಬ ಜೀವಸತ್ವ ಕೊಡುತ್ತಾರೆ. ಆದರೆ ಕಣ್ಣು ಹಳದಿಯಾದರೆ, ಎಡೆಬಿಡದೆ ವಾಂತಿಯಾದರೆ ಅಥವಾ ದೃಷ್ಟಿ ಮಸುಕಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಕಾಮಾಲೆ ಇಳಿದ ಮೇಲೆ ಅವರು ಔಷಧಗಳನ್ನು ಒಂದೊಂದಾಗಿ ಮತ್ತೆ ಆರಂಭಿಸುತ್ತಾರೆ. ತಾವಾಗಿಯೇ ನಿಲ್ಲಿಸಿ ಮನೆಯಲ್ಲಿ ಕುಳಿತುಬಿಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಗಾರೆ ಕೆಲಸಗಾರನಂತೆ ಊರು ಬದಲಿಸುವವರು ಹೊರಡುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಿದರೆ, ‘ನಿಕ್ಷಯ್’ ನೋಂದಣಿ ಸಂಖ್ಯೆಯ ಆಧಾರದಲ್ಲಿ ಹೊಸ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಉಚಿತವಾಗಿ ದೊರೆಯುತ್ತದೆ. ಒಂದೆರಡು ದಿನ ತಪ್ಪಿದರೆ ಮರುದಿನ ಎರಡು ಪಾಲು ನುಂಗಬಾರದು. ಎಂದಿನಂತೆ ಮುಂದುವರಿಸಿ ತಪ್ಪಿದ್ದನ್ನು ಸಿಬ್ಬಂದಿಗೆ ತಿಳಿಸಬೇಕು. ವಾರಗಟ್ಟಲೆ ಬಿಟ್ಟವರು ಉಳಿದ ಮಾತ್ರೆಗಳನ್ನು ತಾವೇ ನುಂಗತೊಡಗದೆ ಕಫದ ಮಾದರಿ ಕೊಡಬೇಕು. ರೋಗ ಮರಳಿದೆಯೇ, ರಿಫಾಂಪಿಸಿನ್‌ಗೆ ಇನ್ನೂ ಬಗ್ಗುತ್ತದೆಯೇ ಎಂಬುದನ್ನು ಜೀನ್ ಆಧಾರಿತ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಹೇಳಬಲ್ಲದು. ಮುಂದಿನ ಮಾತ್ರೆ ಯಾವುದೆಂದು ನಿರ್ಧಾರವಾಗುವುದು ಆ ವರದಿ ಬಂದ ನಂತರವೇ.