ಮೌಸ್ ಯಾರ ಕೈಯಲ್ಲಿತ್ತು?

1999ನೇ ಇಸವಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಬಲ್ಬಿನಿಂದ ಹಿಡಿದು ವಿಮಾನದ ಎಂಜಿನ್ ತನಕ ಎಲ್ಲವನ್ನೂ ತಯಾರಿಸುತ್ತಿದ್ದ ಕಾಲ. ಅದರ ಮುಖ್ಯಸ್ಥ ಜಾಕ್ ವೆಲ್ಚ್‌ಗೆ ಆಗ 63 ವರ್ಷ. ಕಾರ್ಖಾನೆ ನಡೆಸೋದು ಗೊತ್ತು, ಲಾಭ ಮಾಡೋದು ಗೊತ್ತು. ಆದರೆ ವ್ಯಾಪಾರ ಇಂಟರ್‌ನೆಟ್ಟಿಗೆ ಹೊರಟು ನಿಂತಾಗ, ಈ ಮನುಷ್ಯನಿಗೆ ಸರಿಯಾಗಿ ಟೈಪ್ ಮಾಡೋಕೂ ಬರ್ತಿರಲಿಲ್ಲ!

ವೆಲ್ಚ್ ಏನು ಮಾಡಿದರು ಗೊತ್ತಾ? ಕಂಪನಿಯ ಸುಮಾರು 500 ಹಿರಿಯ ಅಧಿಕಾರಿಗಳಿಗೆ ಒಂದು ಆದೇಶ ಹೊರಡಿಸಿದರು: ಇಂಟರ್‌ನೆಟ್ ಬಲ್ಲ ಕಿರಿಯ ಉದ್ಯೋಗಿಯೊಬ್ಬರನ್ನು ಹುಡುಕಿ, ಅವರ ಬಳಿ ಕಲಿಯಿರಿ. ಕಿರಿಯರು ಗುರು, ಹಿರಿಯರು ಶಿಷ್ಯರು. ಇದಕ್ಕೇ ಇವತ್ತು 'ರಿವರ್ಸ್ ಮೆಂಟರಿಂಗ್' ಅನ್ನೋದು. ಮುಂದಿನ ವರ್ಷ ಇದೇ ವೆಲ್ಚ್ ಹೆಸರಿನಲ್ಲಿ ನಮ್ಮ ವೈಟ್‌ಫೀಲ್ಡ್‌ನಲ್ಲೂ ಒಂದು ಸಂಶೋಧನಾ ಕೇಂದ್ರ ತೆರೆಯಿತು.

ಆದೇಶ ಯಾರು ಬೇಕಾದರೂ ಹೊರಡಿಸಬಹುದು. ಇಲ್ಲಿ ವಿಶೇಷ ಏನಪ್ಪಾ ಅಂದರೆ, ವೆಲ್ಚ್ ತಾವೂ ಒಬ್ಬ ಕಿರಿಯ ಉದ್ಯೋಗಿಯನ್ನು ಗುರುವಾಗಿ ಇಟ್ಟುಕೊಂಡರು. ದೊಡ್ಡವರೇ 'ನನಗೆ ಗೊತ್ತಿಲ್ಲ' ಅಂದ ಮೇಲೆ ಉಳಿದವರಿಗೆ ಯಾವ ನಾಚಿಕೆ?

ಇದನ್ನು ಓದಿ ನಾನೂ ಶಿಷ್ಯನಾಗಲು ಹೊರಟೆ. ಫೋನಿನಲ್ಲಿ ವಿಡಿಯೋ ಕತ್ತರಿಸೋದನ್ನು ಕಲಿಸಪ್ಪಾ ಅಂತ ನಮ್ಮ ಡೆಸ್ಕಿನ ಹುಡುಗನೊಬ್ಬನನ್ನು ಕೇಳಿದೆ. 'ಕೊಡಿ ಸರ್' ಅಂದ, ಎರಡು ನಿಮಿಷದಲ್ಲಿ ಕತ್ತರಿಸಿಕೊಟ್ಟ. ಮರುವಾರವೂ ಹಾಗೇ. ತಿಂಗಳಾದರೂ ನನಗೆ ಏನೂ ಬರಲಿಲ್ಲ. ನಾನು ಅವನನ್ನು ಗುರು ಅಂತ ಕರೆದು ಸಹಾಯಕನಂತೆ ದುಡಿಸಿಕೊಂಡಿದ್ದೆ. ಫೋನು ಅವನ ಕೈಯಲ್ಲಿತ್ತು, ನನ್ನ ಕೈಯಲ್ಲಿರಲಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. ಅವನ ಇನ್‌ಕ್ರಿಮೆಂಟ್ ಬರೆಯುವವನು ನಾನೇ. ನಾನು ತಪ್ಪು ಬಟನ್ ಒತ್ತಿದಾಗ 'ಪರವಾಗಿಲ್ಲ ಸರ್' ಅಂತಿದ್ದನೇ ಹೊರತು 'ಅದು ತಪ್ಪು' ಅನ್ನಲಿಲ್ಲ. ಅನ್ನೋದಾದರೂ ಹೇಗೆ?

ಆಮೇಲೆ ಬೇರೆ ವಿಭಾಗದ ಹುಡುಗಿಯೊಬ್ಬಳನ್ನು ಕೇಳಿದೆ. ಆಕೆಯ ಸಂಬಳಕ್ಕೂ ನನಗೂ ಸಂಬಂಧವಿಲ್ಲ. ಮಂಗಳವಾರ ಅರ್ಧ ಗಂಟೆ ಅಂತ ಆಕೆಯ ಪಾಳಿಯಲ್ಲೇ ಸಮಯ ಬರೆಸಿದೆವು, ಮನೆಗೆ ಹೋಗೋ ಹೊತ್ತನ್ನು ಕಿತ್ತುಕೊಳ್ಳಲಿಲ್ಲ. ಮೊದಲ ದಿನವೇ ಆಕೆ, 'ಸರ್, ನಾನು ಫೋನು ಮುಟ್ಟಲ್ಲ' ಅಂದಳು. ಆರು ಮಂಗಳವಾರ ಕಳೆಯುವಷ್ಟರಲ್ಲಿ ನನ್ನ ಕ್ಲಿಪ್ಪನ್ನು ನಾನೇ ಕತ್ತರಿಸಿ ಕಳಿಸಿದ್ದೆ.

ನಿಮ್ಮ ಆಫೀಸಿನಲ್ಲೂ ಇಂಥ ಪಾಠ ನಡೀತಿದ್ದರೆ ದೂರದಿಂದ ಸುಮ್ಮನೆ ನೋಡಿ. ಮೌಸ್ ಯಾರ ಕೈಯಲ್ಲಿದೆ? ಕಿರಿಯರು ಧೈರ್ಯವಾಗಿ 'ತಪ್ಪು' ಅಂತಿದ್ದಾರಾ? ಎರಡೇ ಪ್ರಶ್ನೆ ಸಾಕು, ಅಲ್ಲಿ ಕಲಿಕೆ ನಡೆದಿದೆಯೋ ನಾಟಕ ನಡೆದಿದೆಯೋ ಗೊತ್ತಾಗುತ್ತೆ.